ಬೆಟ್ಟದ ಕಡೆ ನಡೆದರೆ ಎತ್ತರ ಸಿಗಲ್ಲ

ಬಸವೇಶ್ವರನಗರದಲ್ಲಿರೋ ನಮ್ಮಕ್ಕನ ಮಗಳು ಹತ್ತನೇ ಕ್ಲಾಸು. ಗಣಿತದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಪುಟದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾಳೆ. ಹೋದ ತಿಂಗಳು ಕಳಿಸಿದ್ದು ತ್ರಿಕೋನಮಿತಿಯ ಚಿತ್ರ. ಒಂದು ಗೋಪುರ, ನೆಲದ ಮೇಲೆ ಒಂದೇ ಗೆರೆಯಲ್ಲಿ ಎರಡು ಬಿಂದು, ಎರಡರಿಂದಲೂ ಗೋಪುರದ ತುದಿಗೆ ಎಳೆದ ಗೆರೆ. ದೂರದ ಬಿಂದುವಿನಲ್ಲಿ ಉನ್ನತ ಕೋನ 30 ಡಿಗ್ರಿ, ಹತ್ತಿರದ್ದರಲ್ಲಿ 60. ಕೆಳಗೆಲ್ಲೋ '20 ಮೀ' ಅಂತ ಬರೆದಿದೆ. "ಮಾವ, ಇದು ಹೇಗೆ ಮಾಡೋದು?"

ಟ್ಯೂಬ್‌ಲೈಟ್ ಕೆಳಗೆ, ಹಾಸಿಗೆ ಮೇಲೆ ಪುಸ್ತಕ ಇಟ್ಟು ಓರೆಯಾಗಿ ತೆಗೆದ ಫೋಟೋ. ಪುಟ ಬಾಗಿದೆ. ಗೋಪುರ ಸ್ವಲ್ಪ ವಾಲಿಕೊಂಡು ನಿಂತಿದೆ. 60 ಅಂತ ಬರೆದಿರೋ ಕೋನಕ್ಕೆ ಕೋನಮಾಪಕ ಇಟ್ಟರೆ 50ರ ಹತ್ತಿರ ಬರುತ್ತೆ. ಇಂಥ ಫೋಟೋದಲ್ಲಿ ಕೋನ ಅಳೆಯೋಕೆ ಹೋಗಲೇಬಾರದು, ಬರೆದಿರೋ ಅಂಕಿಯನ್ನಷ್ಟೇ ನಂಬಬೇಕು. ಆದರೆ ಇಲ್ಲಿ ಅಂಕಿಯದ್ದೇ ತಕರಾರು. ಪುಟದ ಮಡಿಕೆ ಹತ್ತಿರ ಬಿದ್ದಿದ್ದ ಆ '20 ಮೀ' ಯಾವ ತುಂಡಿನ ಉದ್ದ ಅಂತ ತಿಳೀತಿರಲಿಲ್ಲ. ಎರಡು ಬಿಂದುಗಳ ನಡುವಿನದ್ದಾದರೆ ಗೋಪುರ 17.32 ಮೀಟರ್. ಹತ್ತಿರದ ಬಿಂದುವಿನಿಂದ ಬುಡಕ್ಕಾದರೆ 34.64. ದೂರದ ಬಿಂದುವಿನಿಂದ ಬುಡದವರೆಗೆ ಅಂದರೆ 11.55. ಒಂದೇ ಚಿತ್ರ, ಮೂರು ಉತ್ತರ.

"ಪ್ರಶ್ನೆಯ ಸಾಲನ್ನೂ ಸೇರಿಸಿ ಇನ್ನೊಂದು ಫೋಟೋ ಕಳಿಸಮ್ಮ" ಅಂದೆ. ಗೋಪುರದ ಕಡೆಗೆ 20 ಮೀಟರ್ ನಡೆದಾಗ ಕೋನ 30ರಿಂದ 60 ಆಯ್ತು ಅಂತ ಅದರಲ್ಲಿತ್ತು. ಅಂದಮೇಲೆ 20 ಅನ್ನೋದು ಎರಡು ಬಿಂದುಗಳ ನಡುವಿನದ್ದು. ಆಮೇಲೆ ಕೆಲಸ ಸುಲಭ. ಎತ್ತರ h, ನಡೆದ ದೂರ d, ದೂರದ ಕೋನ α, ಹತ್ತಿರದ ಕೋನ β ಅಂತಿಟ್ಟುಕೊಂಡರೆ, ದೂರದ ಬಿಂದುವಿನಿಂದ ಬುಡಕ್ಕೆ h / tan α, ಹತ್ತಿರದ್ದರಿಂದ h / tan β. ಇವೆರಡರ ವ್ಯತ್ಯಾಸವೇ ನಡೆದ ದೂರ. ಅದನ್ನು ತಿರುಗಿಸಿ ಬರೆದರೆ:

h = d × tan α × tan β / (tan β − tan α)

20, 30, 60 ಹಾಕಿದರೆ 17.32 ಮೀಟರ್. ಹತ್ತಿರದ ಬಿಂದುವಿನಿಂದ ಗೋಪುರದ ಬುಡಕ್ಕೆ 10 ಮೀಟರ್. ಮುಗೀತು ಅಂದುಕೊಂಡೆ. ಅವಳು ಬಿಡಲಿಲ್ಲ. "ಮಾವ, ನಿಮ್ಮ ಮನೆ ಟೆರೇಸಿಂದ ಸಾವನದುರ್ಗ ಕಾಣುತ್ತಲ್ಲ, ಅದರ ಎತ್ತರಾನೂ ಹಿಂಗೇ ಕಂಡುಹಿಡೀಬಹುದಾ?"

ನಾನಿರೋದು ಕೆಂಗೇರಿ ಉಪನಗರದಲ್ಲಿ. ಮಳೆ ಬಂದು ಬಿಟ್ಟ ಮರುದಿನ ಬೆಳಿಗ್ಗೆ ಪಶ್ಚಿಮಕ್ಕೆ ನೋಡಿದರೆ ಸಾವನದುರ್ಗ ಕಾಣುತ್ತೆ. ನಮ್ಮೂರು ಮಾಗಡಿ ಕಡೆ ಆದ್ದರಿಂದ ಚಿಕ್ಕಂದಿನಲ್ಲಿ ನಾನು ನೋಡಿದ್ದು ಬೆಟ್ಟದ ಇನ್ನೊಂದು ಮೈ. ಅವಳ ಪ್ರಶ್ನೆಗೆ ಒಂದೇ ಸಾಲಿನ ಉತ್ತರ 'ಇಲ್ಲ' ಅಂತ. ಸೂತ್ರ ಸರಿಯಾಗಿದೆ, ಬೆಟ್ಟ ಎದುರಿಗೇ ಇದೆ, ಆದರೂ ಯಾಕೆ ಇಲ್ಲ ಅಂತ ಹೇಳೋಕೆ ಸ್ವಲ್ಪ ಹಳೇ ಕಥೆಗೆ ಹೋಗಬೇಕು.

ಈ ಎರಡು ನೋಟದ ಲೆಕ್ಕ ಇಂಗ್ಲಿಷರ ಜೊತೆ ಬಂದಿದ್ದೇನಲ್ಲ. 1150ರಲ್ಲಿ ಭಾಸ್ಕರಾಚಾರ್ಯ ಬರೆದ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿ ಯಂತ್ರಗಳ ಬಗ್ಗೆ ಒಂದು ಭಾಗ ಇದೆ. ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ತನ್ನ ಊರು ಅಂತ ಅವನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅಂತ ವಾದ ಮಾಡೋರೂ ಇದ್ದಾರೆ, ಅಲ್ಲ ಅನ್ನೋರೂ ಇದ್ದಾರೆ, ಆ ಜಗಳಕ್ಕೆ ನಾನು ಬರಲ್ಲ. ಆ ಭಾಗದಲ್ಲಿ ಹಲವು ಯಂತ್ರ ವಿವರಿಸಿ ಕೊನೆಗೆ ಅವನು 'ಧೀಯಂತ್ರ' ಅಂತ ಒಂದನ್ನು ಹೇಳ್ತಾನೆ. ಧೀ ಅಂದರೆ ಬುದ್ಧಿ. ಕೈಯಲ್ಲಿ ಬರೀ ಒಂದು ಕೋಲು ಇದ್ದರೆ ಸಾಕು, ಉಳಿದ ಕೆಲಸವೆಲ್ಲ ಬುದ್ಧಿಯದ್ದು. ಕೋಲಿನ ಒಂದು ತುದಿ ಕಣ್ಣಿನ ಹತ್ತಿರ, ಇನ್ನೊಂದು ತುದಿ ನೋಡಬೇಕಾದ ವಸ್ತುವಿನ ನೇರಕ್ಕೆ. ಎರಡೂ ತುದಿಯಿಂದ ನೆಲಕ್ಕೆ ಲಂಬ ಇಳಿಬಿಟ್ಟರೆ, ಲಂಬಗಳ ಉದ್ದದ ವ್ಯತ್ಯಾಸ ಮತ್ತು ಅವುಗಳ ನಡುವಿನ ದೂರ ಸೇರಿ ಒಂದು ಪುಟ್ಟ ಲಂಬಕೋನ ತ್ರಿಭುಜ ಆಗುತ್ತೆ. ನಾವು ಈಗ tan ಅನ್ನೋದು ಆ ತ್ರಿಭುಜದ ಎರಡು ಬಾಹುಗಳ ಅನುಪಾತವನ್ನೇ. ಅವನ ಉದಾಹರಣೆ ಬಿದಿರು. ಬುಡ ಕಂಡರೆ ಒಂದೇ ಜಾಗದಲ್ಲಿ ನಿಂತು ಬುಡವನ್ನೊಮ್ಮೆ ತುದಿಯನ್ನೊಮ್ಮೆ ನೋಡಿ ದೂರ, ಎತ್ತರ ಎರಡನ್ನೂ ಹೇಳಬಹುದು. ಬುಡ ಮರೆಯಾಗಿ ತುದಿ ಮಾತ್ರ ಕಂಡರೆ ತುದಿಯ ಮೇಲೆಯೇ ಎರಡು ನೋಟ ಬೇಕು. ಅಕ್ಕನ ಮಗಳ ಪುಟದಲ್ಲಿರೋದೂ ಅದೇ ಲೆಕ್ಕ.

ಬಿದಿರಿಗೆ ಈ ಲೆಕ್ಕ ಚೆನ್ನಾಗಿ ಒದಗುತ್ತೆ, ತೆಂಗಿನಮರಕ್ಕೂ ಒದಗುತ್ತೆ. ಕಾರಣ, ಇಲ್ಲಿ ನಡೆಯೋ ದೂರ, ಮರದ ಎತ್ತರ, ಮರಕ್ಕಿರೋ ಅಂತರ ಮೂರೂ ಹೆಚ್ಚುಕಮ್ಮಿ ಒಂದೇ ಅಳತೆಯವು. ಹತ್ತಿಪ್ಪತ್ತು ಮೀಟರ್ ನಡೆದರೆ ಕೋನ 30ರಿಂದ 60ಕ್ಕೆ ಜಿಗಿಯುತ್ತೆ. ಕೋನದಲ್ಲಿ ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದರೂ ಉತ್ತರ ಕೆಡಲ್ಲ.

ಈಗ ಸಾವನದುರ್ಗಕ್ಕೆ ಬನ್ನಿ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1226 ಮೀಟರ್. ಕೆಂಗೇರಿಯಲ್ಲಿ ನಮ್ಮ ಕಣ್ಣಿನ ಮಟ್ಟಕ್ಕಿಂತ ಅದು ಸುಮಾರು 400 ಮೀಟರ್ ಮೇಲಿದೆ, ನಮ್ಮಿಂದ ಸುಮಾರು 20 ಕಿಲೋಮೀಟರ್ ದೂರ ಅಂತಿಟ್ಟುಕೊಳ್ಳೋಣ. ಆಗ ಉನ್ನತ ಕೋನ 1.15 ಡಿಗ್ರಿ. ಪುಸ್ತಕದಲ್ಲಿ ಹೇಳಿದ ಹಾಗೆ ಬೆಟ್ಟದ ಕಡೆಗೆ ಬರೋಬ್ಬರಿ ಒಂದು ಕಿಲೋಮೀಟರ್ ನಡೆದು ಮತ್ತೆ ನೋಡಿದರೆ ಕೋನ 1.21 ಡಿಗ್ರಿ. ಇಷ್ಟು ನಡೆದಿದ್ದಕ್ಕೆ ಸಿಕ್ಕ ವ್ಯತ್ಯಾಸ ಡಿಗ್ರಿಯಲ್ಲಿ ನೂರರ ಆರು ಭಾಗ. ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಮಿನಿಟು ಅಂತಾರಲ್ಲ, ಆ ಲೆಕ್ಕದಲ್ಲಿ ಮೂರೂವರೆ ಮಿನಿಟು ಚಿಲ್ಲರೆ.

ಫೋನಿನಲ್ಲಿ ಗೋಡೆಯ ಮಟ್ಟ ನೋಡೋ ಆ್ಯಪುಗಳು ಸಾಮಾನ್ಯವಾಗಿ ಡಿಗ್ರಿಯ ಹತ್ತನೇ ಒಂದು ಭಾಗದವರೆಗೆ ತೋರಿಸ್ತಾವೆ. ಅದರಲ್ಲಿ ಮೊದಲ ಜಾಗದಲ್ಲಿ 1.1, ಎರಡನೇದರಲ್ಲಿ 1.2 ಅಂತ ಬಂತು ಅನ್ನಿ. ಸೂತ್ರಕ್ಕೆ ಹಾಕಿದರೆ ಎತ್ತರ 230 ಮೀಟರ್. ಎರಡನೇದು 1.3 ಅಂತ ಬಂದರೆ 125 ಮೀಟರ್. ಎರಡು ಜಾಗದಲ್ಲೂ 1.2 ಅಂತಲೇ ಬಂದರೆ ಸೂತ್ರದ ಕೆಳಭಾಗ ಸೊನ್ನೆ, ಬೆಟ್ಟ ಆಕಾಶಕ್ಕೆ ಹೋಯ್ತು. ಸೂತ್ರದ ಕೆಳಗೆ ಕೂತಿರೋ ಆ ಕಳೆಯೋ ಲೆಕ್ಕವೇ ಇದಕ್ಕೆಲ್ಲ ಕಾರಣ. ಹೆಚ್ಚುಕಮ್ಮಿ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ನಿಜವಾದ ಮಾಹಿತಿಯೆಲ್ಲ ರದ್ದಾಗಿ, ಅಳತೆಯ ದೋಷ ಮಾತ್ರ ಉಳಿಯುತ್ತೆ. ಪ್ರೋಗ್ರಾಮ್ ಬರೆಯೋ ನಮಗೂ ಈ ಕಾಟ ಗೊತ್ತು. ದಶಾಂಶ ಸಂಖ್ಯೆಗಳ ಮಧ್ಯೆ ಇಂಥ ವ್ಯವಕಲನ ಕಂಡರೆ ಹಳೇ ಇಂಜಿನಿಯರುಗಳು ಕಣ್ಣು ಕೆಂಪಗೆ ಮಾಡ್ತಾರೆ.

ಒಳ್ಳೇ ಉಪಕರಣ ಇದ್ದು ಒಂದೇ ಮಿನಿಟಿನಷ್ಟು ತಪ್ಪಾಯ್ತು ಅಂದುಕೊಂಡರೂ, ಮೂರೂವರೆ ಮಿನಿಟಿನಲ್ಲಿ ಒಂದು ಮಿನಿಟು ಅಂದರೆ ಎತ್ತರದ ಲೆಕ್ಕ ಕಾಲುಭಾಗಕ್ಕಿಂತ ಹೆಚ್ಚು ಅಲ್ಲಾಡುತ್ತೆ. ಕೋನದ್ದಷ್ಟೇ ಅಲ್ಲ, ನೆಲದ್ದೂ ಇದೆ. ಪುಸ್ತಕದ ನೆಲ ಸ್ಕೇಲು ಇಟ್ಟು ಎಳೆದಿದ್ದು. ಕೆಂಗೇರಿಯ ನೆಲ ವೃಷಭಾವತಿ ಕೊರೆದಿದ್ದು. ಒಂದು ಕಿಲೋಮೀಟರ್ ನಡೆಯೋವಾಗ ಗೊತ್ತಾಗದ ಹಾಗೆ ಹತ್ತು ಮೀಟರ್ ತಗ್ಗಿಗೆ ಇಳಿದಿದ್ದರೆ ಅಲ್ಲಿಂದ ಬೆಟ್ಟ ಹತ್ತು ಮೀಟರ್ ಹೆಚ್ಚು ಎತ್ತರ ಕಾಣುತ್ತೆ, ಕೋನ ದೊಡ್ಡದಾಗುತ್ತೆ. ನೆಲ ಮಟ್ಟವಾಗಿದೆ ಅಂತ ನಂಬಿ ಲೆಕ್ಕ ಹಾಕಿದರೆ 400ರ ಬದಲು 273 ಬರುತ್ತೆ. ಕೋನಗಳನ್ನು ಒಂದಿಷ್ಟೂ ತಪ್ಪಿಲ್ಲದೆ ಅಳೆದಿದ್ದರೂ ಸಹ. ಇನ್ನು ತುದಿ ಅಂತ ಯಾವುದನ್ನು ನೋಡೋದು? ಸಾವನದುರ್ಗಕ್ಕೆ ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ನೆತ್ತಿ, ಎರಡೂ ಬೋಳುಬಂಡೆ, ದುಂಡಗಿನವು. ದುಂಡು ಬಂಡೆಯ ಅಂಚು ಅಂತ ದೂರದಿಂದ ಕಾಣೋ ಜಾಗ, ಹತ್ತಿರ ಹೋದರೆ ಬೇರೆಯೇ ಜಾಗ ಆಗಿರುತ್ತೆ.

ಈ ಕಷ್ಟವನ್ನೆಲ್ಲ ಇದೇ ಸೀಮೆಯಲ್ಲಿ ಒಬ್ಬ ಎದುರಿಸಿ ದಾಟಿದ್ದ. ಅವನ ಹೆಸರು ವಿಲಿಯಂ ಲ್ಯಾಂಬ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದ 33ನೇ ರೆಜಿಮೆಂಟಿನಲ್ಲಿದ್ದವನು. ಯುದ್ಧ ಮುಗಿದ ಮೇಲೆ ದಕ್ಷಿಣ ಭಾರತವನ್ನು ಈ ಕರಾವಳಿಯಿಂದ ಆ ಕರಾವಳಿಗೆ ತ್ರಿಭುಜಗಳಲ್ಲಿ ಅಳೀತೀನಿ ಅಂತ ಹೊರಟ. ಮುಂದೆ ಮಹಾ ತ್ರಿಕೋನಮಿತೀಯ ಸರ್ವೆ ಅಂತ ಹೆಸರಾಗಿ ಹಿಮಾಲಯದವರೆಗೆ ಹೋದ ಕೆಲಸ ಇದೇ. ಗೆದ್ದ ನಾಡನ್ನು ಲೆಕ್ಕಕ್ಕೆ ತಗೊಳ್ಳೋ ಕೆಲಸ ಅನ್ನೋದನ್ನು ಮರೀಬಾರದು. ಆದರೆ ಆ ಮನುಷ್ಯನ ಲೆಕ್ಕದ ಶುದ್ಧಿಯನ್ನೂ ಅಲ್ಲಗಳೆಯೋಕಾಗಲ್ಲ. ಸಾವನದುರ್ಗವೂ ಅವನ ಸರ್ವೆಯ ಒಂದು ನೆಲೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಹತ್ತಿ ಹಿಡಿದಿದ್ದ ಕೋಟೆಯೇ ಹತ್ತು ಹನ್ನೆರಡು ವರ್ಷದ ಮೇಲೆ ತ್ರಿಭುಜದ ಒಂದು ಮೂಲೆಯಾಯ್ತು.

ಲ್ಯಾಂಬ್ಟನ್ ಬೆಟ್ಟದ ಕಡೆಗೆ ನಡೆಯಲಿಲ್ಲ. ಬೆಟ್ಟಕ್ಕೆ ಅಡ್ಡಲಾಗಿ ನಡೆದ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಮಾತು ಇದೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಅದೇ ಕೆಂಗೇರಿ, ಅದೇ ಒಂದು ಕಿಲೋಮೀಟರ್. ಈ ಸಲ ಪಶ್ಚಿಮದ ಬೆಟ್ಟದ ಕಡೆಗೆ ಹೋಗದೆ ಉತ್ತರ ದಕ್ಷಿಣವಾಗಿ ಒಂದು ಗೆರೆ ಹಾಕಿ. ಗೆರೆಯ ಎರಡು ತುದಿಯಲ್ಲಿ ನಿಂತು, ಬೆಟ್ಟ ಎಷ್ಟು ಮೇಲಿದೆ ಅಂತ ನೋಡೋ ಮೊದಲು, ಗೆರೆಗೂ ಬೆಟ್ಟಕ್ಕೂ ನಡುವಿನ ಅಡ್ಡ ಕೋನ ಅಳೆಯಿರಿ. ಒಂದು ತುದಿಯಲ್ಲಿ 90 ಡಿಗ್ರಿ ಬಂದರೆ ಇನ್ನೊಂದರಲ್ಲಿ 87.14 ಬರುತ್ತೆ. ತ್ರಿಭುಜದ ಮೂರು ಕೋನ ಸೇರಿ 180 ಆಗಬೇಕಲ್ಲ, ಹಾಗಾಗಿ ಬೆಟ್ಟದ ನೆತ್ತಿಯಲ್ಲಿ ಉಳಿಯೋ ಕೋನ 2.86 ಡಿಗ್ರಿ, ಅಂದರೆ 172 ಮಿನಿಟು. ಮೊದಲು ಮೂರೂವರೆ ಮಿನಿಟಿನ ವ್ಯತ್ಯಾಸದ ಮೇಲೆ ಕೂತಿದ್ದ ಲೆಕ್ಕ ಈಗ 172 ಮಿನಿಟಿನ ಮೇಲೆ ಕೂತಿದೆ. ಒಂದು ಮಿನಿಟು ತಪ್ಪಾದರೆ ದೂರದಲ್ಲಿ ಆಗೋ ತಪ್ಪು 20 ಕಿಲೋಮೀಟರಿಗೆ ಸುಮಾರು 120 ಮೀಟರ್, ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಉಪಕರಣವನ್ನು ಬದಲಾಯಿಸಿಲ್ಲ, ನಡಿಗೆಯನ್ನೂ ಹೆಚ್ಚಿಸಿಲ್ಲ. ನಡೆದ ದಿಕ್ಕು ಬದಲಾಗಿದೆ ಅಷ್ಟೇ.

ದೂರ ಸಿಕ್ಕಿದ ಮೇಲೆ ಎತ್ತರಕ್ಕೆ ಒಂದೇ ಉನ್ನತ ಕೋನ ಸಾಕು. 20 ಕಿಲೋಮೀಟರನ್ನು 1.15 ಡಿಗ್ರಿಯ tan ಇಂದ ಗುಣಿಸಿದರೆ ಆಯ್ತು. ಆ ಕೋನದಲ್ಲಿ ಒಂದು ಮಿನಿಟು ತಪ್ಪಾದರೆ ಎತ್ತರದಲ್ಲಿ ಆರು ಮೀಟರ್ ವ್ಯತ್ಯಾಸ. ಫೋನಿನ 1.1, 1.2 ಹಾಕಿದರೂ 384, 419 ಅಂತ ಬರುತ್ತೆ. ಸುಮಾರಾಗಿದೆ. ಒಟ್ಟಿನಲ್ಲಿ ಸರ್ವೆಯವರು ಶಾಲೆಯ ಲೆಕ್ಕವನ್ನು ಎರಡಾಗಿ ಒಡೆದರು. ದೂರಕ್ಕೆ ಮಲಗಿದ ತ್ರಿಭುಜ, ಎತ್ತರಕ್ಕೆ ನಿಂತ ತ್ರಿಭುಜ. ನಿಂತ ಒಂದೇ ಚಿತ್ರದಿಂದ ಎರಡನ್ನೂ ಹಿಂಡೋಕೆ ಹೋಗಲಿಲ್ಲ.

ಆದರೆ ಮಲಗಿದ ತ್ರಿಭುಜಕ್ಕೂ ಒಂದು ಬಾಹು ಕೈಯಾರೆ ಅಳೆದಿದ್ದು ಬೇಕು. ಆಧಾರರೇಖೆ ಅನ್ನೋದು ಅದಕ್ಕೇ. ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆ ಅಳೆದಿದ್ದು ನಮ್ಮ ಬೆಂಗಳೂರಿನ ಬಯಲಲ್ಲಿ, 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಉದ್ದ 7.43 ಮೈಲಿ, ಸುಮಾರು 12 ಕಿಲೋಮೀಟರ್. ಈ ಕಾಲದಲ್ಲಿ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹೋಗೋ ದಾರಿಗೆ ಅವನಿಗೆ ಎರಡು ತಿಂಗಳು ಹಿಡೀತು. ಅಳೆದಿದ್ದು ನೂರು ಅಡಿಯ ಉಕ್ಕಿನ ಸರಪಳಿಯಲ್ಲಿ, ಎರಡೂವರೆ ಅಡಿಯ ನಲವತ್ತು ಕೊಂಡಿ ಇದ್ದದ್ದು. ಚೀನಾ ಚಕ್ರವರ್ತಿಗೆ ಉಡುಗೊರೆ ಕೊಡೋಕೆ ಅಂತ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತಾಗೆ ಬಂದು ಸೇರಿದ್ದ ಸರಪಳಿ ಅದು. ನೆಲದ ಮೇಲೆ ಎಳೆದುಕೊಂಡು ಹೋಗೋ ಹಾಗಿಲ್ಲ. ಮರದ ತೊಟ್ಟಿಗಳನ್ನು ಮಟ್ಟಕ್ಕೆ ಜೋಡಿಸಿ, ಅದರೊಳಗೆ ಸರಪಳಿ ಮಲಗಿಸಿ, ಭಾರ ಕಟ್ಟಿ ಬಿಗಿ ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೀಬೇಕು.

ಥರ್ಮಾಮೀಟರ್ ಯಾಕೆ ಅಂದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತೆ. ನೂರು ಅಡಿ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹಿಗ್ಗೋದು ಇಂಚಿನಲ್ಲಿ ನೂರರ ಒಂದೂವರೆ ಭಾಗದಷ್ಟು, ಕಣ್ಣಿಗೆ ಕಾಣದಷ್ಟು. ಆದರೆ ಏಳೂ ಚಿಲ್ಲರೆ ಮೈಲಿಗೆ ಆ ಸರಪಳಿಯನ್ನು 392 ಸಲ ಇಡಬೇಕು. ಎಲ್ಲ ಸಲವೂ ಒಂದು ಡಿಗ್ರಿ ತಪ್ಪಾಗಿ ಓದಿದರೆ ಒಟ್ಟು ಐದೂವರೆ ಇಂಚು ತಪ್ಪು ಸೇರಿಕೊಳ್ಳುತ್ತೆ. ಬೆಂಗಳೂರಿನ ಡಿಸೆಂಬರಿನಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರೋದು ನಮಗೆಲ್ಲ ಗೊತ್ತಿರೋದೇ.

ಐದಿಂಚು ಯಾವ ಲೆಕ್ಕ ಅನ್ನಿಸಬಹುದು. ಆಮೇಲೆ ನಡೆದಿದ್ದು ಕೇಳಿ. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಅರ್ಧ ಟನ್ ತೂಕದ ದೊಡ್ಡ ಥಿಯೋಡಲೈಟ್ ಹಿಡಿದು, ತ್ರಿಭುಜದ ಮೇಲೆ ತ್ರಿಭುಜ ಕಟ್ಟಿಕೊಂಡು ಪಶ್ಚಿಮಕ್ಕೆ ಬಂದ. ಒಂದು ತ್ರಿಭುಜದ ಲೆಕ್ಕದಿಂದ ಸಿಕ್ಕ ಬಾಹುವೇ ಮುಂದಿನ ತ್ರಿಭುಜಕ್ಕೆ ಆಧಾರ. ಸರಪಳಿಯನ್ನು ಮತ್ತೆ ಮುಟ್ಟೋ ಹಾಗಿಲ್ಲ, ಬರೀ ಕೋನ. ಒಂದು ಕೋನ ತಪ್ಪಿದ್ದರೂ ತಪ್ಪು ಬೆಳೀತಾ ಬರುತ್ತೆ. ಬೆಂಗಳೂರು ತಲುಪೋ ಹೊತ್ತಿಗೆ ಎಷ್ಟು ಬೆಳೆದಿದೆ ಅಂತ ತಿಳಿಯೋದಕ್ಕೆ ಇದ್ದ ದಾರಿ ಒಂದೇ, ಇಲ್ಲಿ ಮತ್ತೊಂದು ರೇಖೆಯನ್ನು ಸರಪಳಿಯಲ್ಲಿ ಅಳೆದು ಲೆಕ್ಕದ ಉತ್ತರದ ಪಕ್ಕ ಇಡೋದು. 1804ರಲ್ಲಿ ಅವನ ಸಹಾಯಕ ಜಾನ್ ವಾರೆನ್ ಅದನ್ನು ಮಾಡಿದ. ಮದ್ರಾಸಿನಿಂದ ಕೋನಗಳಲ್ಲೇ ಬಂದ ಉದ್ದಕ್ಕೂ ಇಲ್ಲಿ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕಿಂಚಿಗಿಂತ ಕಡಿಮೆ. ಥರ್ಮಾಮೀಟರ್ ಒಂದು ಡಿಗ್ರಿ ತಪ್ಪಿದ್ದರೂ ಅದಕ್ಕಿಂತ ಹೆಚ್ಚು ಬರ್ತಿತ್ತು.

ಈ ತ್ರಿಭುಜಗಳು ಮಂಗಳೂರಿನ ಕರಾವಳಿ ಮುಟ್ಟಿದಾಗ ಇನ್ನೊಂದು ವಿಷಯ ಹೊರಬಂತು. ಅಲ್ಲಿವರೆಗಿನ ನಕಾಶೆಗಳಲ್ಲಿ ಮದ್ರಾಸಿನಿಂದ ಆ ಕರಾವಳಿಗೆ 400 ಮೈಲಿ ಅಂತಿತ್ತು. ನಿಜಕ್ಕೂ ಇದ್ದದ್ದು 360. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು.

ಕೊನೆಗೆ ಎತ್ತರದ ವಿಷಯ. ಇಲ್ಲಿವರೆಗೆ ಒಂದು ಸಂಗತಿಯನ್ನು ಬೇಕಂತಲೇ ಬದಿಗಿಟ್ಟಿದ್ದೆ. ಶಾಲೆಯ ಚಿತ್ರದಲ್ಲಿ ನೆಲ ಚಪ್ಪಟೆ, ಭೂಮಿ ಚಪ್ಪಟೆ ಅಲ್ಲ. ಕೆಂಗೇರಿಯಲ್ಲಿ ನಿಂತು ಮಟ್ಟಸವಾಗಿ ನೋಡಿದರೆ ಆ ದೃಷ್ಟಿಯ ಗೆರೆ ನೇರ ಹೋಗುತ್ತೆ, ಭೂಮಿ ಕೆಳಗೆ ಬಾಗಿ ಹೋಗುತ್ತೆ. 20 ಕಿಲೋಮೀಟರಿಗೆ ಈ ಬಾಗು 31 ಮೀಟರ್. ಅಷ್ಟು ಬೆಟ್ಟ ತಗ್ಗಿ ಕಾಣುತ್ತೆ. ಇದಕ್ಕೆ ಎದುರಾಗಿ, ಕೆಳಗಿನ ದಟ್ಟ ಗಾಳಿ ಬೆಳಕನ್ನು ಸ್ವಲ್ಪ ಬಗ್ಗಿಸಿ ಬೆಟ್ಟವನ್ನು ಎತ್ತಿ ತೋರಿಸುತ್ತೆ, ಸಾಮಾನ್ಯವಾಗಿ ಬಾಗಿನ ಏಳನೇ ಒಂದು ಭಾಗದಷ್ಟು. ಎರಡೂ ಸೇರಿ ಸುಮಾರು 27 ಮೀಟರನ್ನು ನಮ್ಮ ಉತ್ತರಕ್ಕೆ ಕೂಡಿಸಬೇಕು. ಭಾಸ್ಕರನ ಬಿದಿರಿಗೆ ಇದು ಬೇಡ, ಇಪ್ಪತ್ತು ಮೀಟರ್ ದೂರಕ್ಕೆ ಬಾಗು ಕೂದಲೆಳೆಯಷ್ಟೂ ಇರಲ್ಲ.

ಭೂಮಿಯ ಬಾಗು ಒಂದು ಸಲ ಲೆಕ್ಕ ಹಾಕಿದರೆ ಮುಗೀತು. ಗಾಳಿ ಹಾಗಲ್ಲ. ಬೆಳಿಗ್ಗೆ ನೆಲ ತಣ್ಣಗಿದ್ದಾಗ ಬೆಳಕು ಹೆಚ್ಚು ಬಾಗುತ್ತೆ, ಮಧ್ಯಾಹ್ನ ಕಡಿಮೆ. ಒಂದೇ ಬೆಟ್ಟ ಆರು ಗಂಟೆಗೆ ಒಂದು ಎತ್ತರ, ಮೂರು ಗಂಟೆಗೆ ಇನ್ನೊಂದು ಎತ್ತರ ತೋರಿಸುತ್ತೆ. ಟೆರೇಸಿನಿಂದ ಬೆಟ್ಟ ಸ್ಪಷ್ಟವಾಗಿ ಕಾಣೋ ಬೆಳಗಿನ ಹೊತ್ತೇ ಎತ್ತರ ಅಳೆಯೋಕೆ ಕೆಟ್ಟ ಹೊತ್ತು. ಸರ್ವೆಯವರು ಉನ್ನತ ಕೋನಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ತಿದ್ದರು, ಗಾಳಿಯ ಈ ಆಟ ಆಗ ಕಡಿಮೆ ಅಂತ. ಇನ್ನೂ ಭದ್ರವಾದ ದಾರಿ ಎರಡು ಕಡೆಯಿಂದ ನೋಡೋದು. ಕೆಳಗಿನ ನೆಲೆಯಿಂದ ಸಾವನದುರ್ಗದ ಬಾವುಟದ ಉನ್ನತ ಕೋನ, ಸಾವನದುರ್ಗದ ನೆತ್ತಿಯಿಂದ ಕೆಳಗಿನ ಬಾವುಟದ ಅವನತ ಕೋನ. ಭೂಮಿ ಚಪ್ಪಟೆ ಇದ್ದು ಗಾಳಿ ಇಲ್ಲದಿದ್ದರೆ ಎರಡೂ ಸಮ ಇರಬೇಕು. ಸಮ ಬರಲ್ಲ. ಭೂಮಿಯ ಬಾಗೂ ಗಾಳಿಯ ಬಾಗೂ ಎರಡು ನೋಟದಲ್ಲಿ ಎದುರು ಬದರಾಗಿ ಬೀಳೋದರಿಂದ, ಎರಡು ಕೋನಗಳ ಸರಾಸರಿ ತಗೊಂಡರೆ ಅವು ಒಂದನ್ನೊಂದು ಅಳಿಸಿಕೊಂಡು ಎತ್ತರ ಉಳಿಯುತ್ತೆ. ಎರಡು ಕೋನಗಳ ವ್ಯತ್ಯಾಸ ತಗೊಂಡು ಅದನ್ನು ಭೂಮಿಯ ಬಾಗಿನಿಂದ ಕಳೆದರೆ ಆ ದಿನ ಗಾಳಿ ಬೆಳಕನ್ನು ಎಷ್ಟು ಬಗ್ಗಿಸಿತ್ತು ಅನ್ನೋದು ಸಿಗುತ್ತೆ. ಅದಕ್ಕೆ ಯಾರಾದರೂ ಥಿಯೋಡಲೈಟ್ ಹೊತ್ತುಕೊಂಡು ಆ ಬೋಳುಬಂಡೆ ಹತ್ತಲೇಬೇಕು, ಮತ್ತೆ ಅದನ್ನು ಅಲ್ಲಾಡದ ಹಾಗೆ ಕೆಳಗಿಳಿಸಬೇಕು.